ಮಾರ್ಚ್‌ನ ಗಾಡಿ, ಡಿಸೆಂಬರ್‌ನ ರೇಟು

ಪುಣೆಗೆ ಬಂದು 14 ವರ್ಷ ಆಯಿತು. ಇಲ್ಲಿಯವರ ನೇರ ಮಾತಿಗೆ ಮೊದಮೊದಲು ಸಿಟ್ಟು ಬರುತ್ತಿತ್ತು. ಧಾರವಾಡದಲ್ಲಿ ಅಂಗಡಿಯವನು ‘ಬರ್ರೀ, ಕೂಡ್ರೀ’ ಅಂದ ಮೇಲೇ ವ್ಯಾಪಾರದ ಮಾತು. ಇಲ್ಲಿ ಮಧ್ಯಾಹ್ನ ಒಂದರಿಂದ ನಾಲ್ಕರವರೆಗೆ ಬಾಗಿಲೇ ತೆರೆಯದವರೂ ಇದ್ದಾರೆ. ಆದರೆ 2024ರ ಡಿಸೆಂಬರ್‌ನಲ್ಲಿ ಕಾರು ಕೊಂಡಾಗ ಆ ನೇರ ಮಾತೇ ನನ್ನ ದುಡ್ಡು ಉಳಿಸಿತು. ಅದೇ ತಿಂಗಳು ಹುಬ್ಬಳ್ಳಿಯಲ್ಲಿ ನಮ್ಮ ಭಾವನೂ ಅದೇ ಮಾಡೆಲ್ ಕೊಂಡರು. ಹಾಗಾಗಿ ಎರಡೂ ಲೆಕ್ಕ ನನ್ನ ಹತ್ತಿರ ಇವೆ.

ಬಾಣೇರ್ ಕಡೆಯ ಶೋರೂಮಿನ ಹೊರಗೆ ‘1,05,000 ರೂಪಾಯಿವರೆಗೆ ಉಳಿತಾಯ’ ಅಂತ ಬ್ಯಾನರ್ ಕಟ್ಟಿದ್ದರು. ಒಳಗೆ ನಮಗೆ ಸಿಕ್ಕ ಹುಡುಗ ಸೋಲಾಪುರದವನು. ನಾನು ಹೆಂಡತಿಯ ಜೊತೆ ಕನ್ನಡದಲ್ಲಿ ಮಾತಾಡಿದ್ದು ಕೇಳಿ ಅವನೂ ಕನ್ನಡಕ್ಕೆ ತಿರುಗಿದ. ‘ಸರ್, ಬ್ಯಾನರ್ ಮ್ಯಾಲಿನ ರೊಕ್ಕ ಪೂರ್ತಿ ಯಾರಿಗೂ ಸಿಗೂದಿಲ್ರಿ’ ಅಂದವನೇ ಒಂದು ಹಾಳೆ ತೆಗೆದು ಬರೆಯತೊಡಗಿದ. ನಗದು ರಿಯಾಯಿತಿ 55,000. ಹಳೇ ಗಾಡಿ ಕೊಟ್ಟರೆ ಎಕ್ಸ್‌ಚೇಂಜ್ ಬೋನಸ್ 30,000. ಅವರ ಪಟ್ಟಿಯಲ್ಲಿರುವ ಕಂಪನಿಯ ನೌಕರರಾದರೆ 10,000. ಉಳಿದ 10,000ಕ್ಕೆ ಆಕ್ಸೆಸರೀಸ್, ಅದೂ ಅವರದೇ ಎಂಆರ್‌ಪಿ ಲೆಕ್ಕದಲ್ಲಿ. ನನ್ನ ಹತ್ತಿರ ಹಳೇ ಗಾಡಿ ಇರಲಿಲ್ಲ, ನಮ್ಮ ಕಂಪನಿ ಪಟ್ಟಿಯಲ್ಲಿರಲಿಲ್ಲ. ಅಂದರೆ ನನ್ನ ಪಾಲಿಗೆ ಬಂದದ್ದು 55,000 ಮತ್ತು ಒಂದಿಷ್ಟು ಮ್ಯಾಟು, ಮಡ್‌ಫ್ಲ್ಯಾಪು.

ಹಾಳೆಯ ತಲೆಯಲ್ಲಿ ಅವನು ಬರೆದಿದ್ದ ಸಾಲು ಬೇರೆಯೇ: ‘ತಯಾರಾದದ್ದು ಮಾರ್ಚ್ 2024’. ಪಕ್ಕದಲ್ಲೇ ಚಾಸಿ ನಂಬರು. ಆಗಸ್ಟ್‌ನಿಂದ ಬಂದ ಗಾಡಿಗಳಿಗೆ ಹಿಂಬದಿಯ ಕ್ಯಾಮೆರಾ ಸೇರಿಸಿದ್ದಾರೆ, ಇದರಲ್ಲಿ ಇಲ್ಲ ಅಂತ ಕೆಳಗೆ ಇನ್ನೊಂದು ಸಾಲು. ಕೇಳದೆ ಇಷ್ಟು ಹೇಳಿದ ಮಾರಾಟಗಾರನನ್ನು ನಾನು ಬೇರೆಲ್ಲೂ ಕಂಡಿಲ್ಲ. ಪುಣೆಯಲ್ಲಿ ಎಲ್ಲರೂ ಹೀಗೆಯೇ ಅಂತಲೂ ಅಲ್ಲ. ಅದಕ್ಕೂ ಮುಂಚೆ ಹೋಗಿದ್ದ ಶೋರೂಮಿನಲ್ಲಿ ಯಾವ ತಿಂಗಳಿನ ಗಾಡಿ ಅಂತ ಕೇಳಿದರೆ ‘ಲೇಟೆಸ್ಟ್ ಸರ್’ ಎಂಬ ಉತ್ತರ ಬಂದಿತ್ತು.

ನಾವು ‘ಎಷ್ಟನೇ ಮಾಡೆಲ್’ ಅಂತ ಕೇಳುವುದು ಕೊನೆಗೂ ಗಾಡಿ ತಯಾರಾದ ವರ್ಷವನ್ನೇ. ಆರ್‌ಸಿಯಲ್ಲಿ ತಯಾರಿಕೆಯ ತಿಂಗಳು, ವರ್ಷ ಒಂದು ಕಡೆ, ನೋಂದಣಿಯ ದಿನಾಂಕ ಇನ್ನೊಂದು ಕಡೆ ಇರುತ್ತದೆ. ಮಾರ್ಚ್‌ನ ಗಾಡಿಯನ್ನು ಜನವರಿಯಲ್ಲಿ ನೋಂದಾಯಿಸಿದರೂ ಅದು 2024ರದ್ದೇ. ಡೀಲರ್ ಸಾಲ ಮಾಡಿ ಸ್ಟಾಕ್ ಇಟ್ಟಿರುತ್ತಾನೆ, ನಿಂತ ಗಾಡಿಗೆ ದಿನಾ ಬಡ್ಡಿ ಬೆಳೆಯುತ್ತದೆ. ಕ್ಯಾಲೆಂಡರ್ ಬದಲಾದ ದಿನ ಅದೇ ಗಾಡಿ ‘ಹೋದ ವರ್ಷದ್ದು’ ಆಗುತ್ತದೆ. ಡಿಸೆಂಬರ್‌ನ ಔದಾರ್ಯ ಬರುವುದು ಅಲ್ಲಿಂದ. ಜನವರಿಯಲ್ಲಿ ಉಳಿದವಕ್ಕೆ ಇನ್ನೂ ಹೆಚ್ಚು ಬಿಡುವುದುಂಟು, ಆದರೆ ಆಗ ಯಾರಿಗೂ ಬೇಡವಾದ ಬಣ್ಣವೇ ಉಳಿದಿರುತ್ತದೆ.

ಹಾಗಾದರೆ 55,000 ಲಾಭವೇ? ಹುಡುಗನ ಮಾತಿನ ಪ್ರಕಾರ ಜನವರಿಯಲ್ಲಿ ಬೆಲೆ ಸುಮಾರು 15,000 ಏರುವುದಿತ್ತು, ಹೊಸ ವರ್ಷದ ಗಾಡಿಗೆ ರಿಯಾಯಿತಿಯೂ ಇಲ್ಲ. ಕಾಯ್ದರೆ ನನಗೆ ಬೀಳುತ್ತಿದ್ದ ಹೆಚ್ಚುವರಿ 70,000. ಇತ್ತ ಪರಿಚಯದ ಹಳೇ ಗಾಡಿ ವ್ಯಾಪಾರಿಯನ್ನು ಕೇಳಿದೆ. ನಾಲ್ಕು ವರ್ಷಕ್ಕೆ ಮಾರಿದರೆ ಒಂದು ವರ್ಷ ಹಳೇ ಮಾಡೆಲ್ ಅಂತ 50-60 ಸಾವಿರ ಕಡಿಮೆ ಬರುತ್ತದೆ, ಹತ್ತು ವರ್ಷ ಓಡಿಸಿದರೆ ವ್ಯತ್ಯಾಸ 15-20 ಸಾವಿರಕ್ಕೆ ಇಳಿಯುತ್ತದೆ ಅಂದರು. ಅಂದರೆ ಬೇಗ ಮಾರುವವನಿಗೆ ಈ ರಿಯಾಯಿತಿ, ಮುಂದೆ ಆಗುವ ನಷ್ಟವನ್ನು ಮುಂಗಡವಾಗಿ ಕೈಗಿಟ್ಟ ಹಾಗೆ, ಅಷ್ಟೇ. ನಾನು ಗಾಡಿ ಸವೆಯುವವರೆಗೆ ಓಡಿಸುವವನು, ಹಾಗಾಗಿ ಒಪ್ಪಿಕೊಂಡೆ. ವಾರಂಟಿಗೆ ಧಕ್ಕೆ ಇಲ್ಲ, ಅದು ತಯಾರಾದ ದಿನದಿಂದ ಅಲ್ಲ, ಮಾರಾಟದ ದಿನದಿಂದ ಶುರುವಾಗುತ್ತದೆ.

ದುಡ್ಡು ಕಟ್ಟುವ ಮುಂಚೆ ವಾಘೋಲಿಯ ಸ್ಟಾಕ್‌ಯಾರ್ಡ್‌ಗೆ ಹೋದೆವು. ಒಂಬತ್ತು ತಿಂಗಳ ಧೂಳಿನಡಿ ಗಾಡಿಯ ಬಣ್ಣವೇ ಕಾಣುತ್ತಿರಲಿಲ್ಲ. ಗಾಜಿನ ಮೂಲೆಯಿಂದ ಕಾಣುವ ಚಾಸಿ ನಂಬರನ್ನು ಬೆರಳಿನಿಂದ ಒರೆಸಿ ಹಾಳೆಯ ಜೊತೆ ತಾಳೆ ನೋಡಿದೆ. 17 ಅಕ್ಷರಗಳಲ್ಲಿ ಹತ್ತನೆಯದು ಸಾಮಾನ್ಯವಾಗಿ ವರ್ಷದ ಗುರುತು: R ಇದ್ದರೆ 2024, S ಇದ್ದರೆ 2025. ತಿಂಗಳ ಗುರುತು ಕಂಪನಿಯಿಂದ ಕಂಪನಿಗೆ ಬೇರೆ. ಟೈರಿನ ಪಕ್ಕದಲ್ಲಿ 0824 ಅಂತ ಇತ್ತು, ಅಂದರೆ 2024ರ ಎಂಟನೇ ವಾರ. ಮಾರ್ಚ್‌ನ ಗಾಡಿಗೆ ಸರಿಹೊಂದಿತು. ಅಲ್ಲಿ 2023ರ ವಾರ ಕಂಡಿದ್ದರೆ ಇನ್ನಷ್ಟು ಪ್ರಶ್ನೆ ಕೇಳುತ್ತಿದ್ದೆ. ಮೀಟರ್ 38 ಕಿಲೋಮೀಟರ್, ಅಂದರೆ ಟೆಸ್ಟ್ ಡ್ರೈವ್‌ಗೆ ಓಡಿಸಿದ್ದಲ್ಲ. ಬಾನೆಟ್ ಎತ್ತಿ ವೈರಿಂಗ್‌ಗೆ ಇಲಿಯ ಹಲ್ಲು ಬಿದ್ದಿದೆಯೇ ನೋಡಿದೆವು, ಇರಲಿಲ್ಲ. ಆದರೆ ಕೀಲಿ ತಿರುಗಿಸಿದರೆ ಬರೀ ‘ಟಕ್ ಟಕ್’. ನಿಂತು ನಿಂತು ಬ್ಯಾಟರಿ ಇಳಿದಿತ್ತು, ವೈಪರ್ ರಬ್ಬರು ಗಟ್ಟಿಯಾಗಿತ್ತು. ಬೇರೆ ಗಾಡಿಯಿಂದ ಕರೆಂಟು ಕೊಟ್ಟು ಶುರು ಮಾಡಿದರು. ಚಾರ್ಜ್ ಮಾಡಿ ಕೊಡುತ್ತೇವೆ ಅಂದರೆ ನಾನು ಒಪ್ಪಲಿಲ್ಲ. ಹೊಸ ಬ್ಯಾಟರಿ, ಹೊಸ ವೈಪರ್ ಅಂತ ಅದೇ ಹಾಳೆಯಲ್ಲಿ ಬರೆಸಿ ಸಹಿ ಹಾಕಿಸಿದೆ.

ಎಕ್ಸ್‌ಶೋರೂಮ್ 9,80,000. ರಸ್ತೆ ತೆರಿಗೆ ಮಹಾರಾಷ್ಟ್ರದಲ್ಲಿ ಹತ್ತು ಲಕ್ಷದೊಳಗಿನ ಪೆಟ್ರೋಲ್ ಗಾಡಿಗೆ 11%. ಅದನ್ನೂ ರಿಯಾಯಿತಿ ಕಳೆಯುವ ಮುಂಚಿನ ಬೆಲೆಗೇ ಹಾಕಿದ್ದರು, 1,07,800. (ನಮ್ಮ ಕಡೆ ಇದೇ ಗಾಡಿಗೆ 14%, ಮೇಲೆ ಸೆಸ್. ಭಾವ ಅದಕ್ಕೆ ಇನ್ನೂ ಬೈಯುತ್ತಾರೆ.) ಇನ್ಶೂರೆನ್ಸ್‌ಗೆ 46,000 ಬರೆದಿದ್ದರು. ಒಂದು ವರ್ಷ ಗಾಡಿಯ ಹಾನಿಗೆ, ಮೂರು ವರ್ಷ ಥರ್ಡ್ ಪಾರ್ಟಿಗೆ. ಅಷ್ಟೇ ಕವರ್ ಹೊರಗೆ 34,000ಕ್ಕೆ ಸಿಗುತ್ತಿತ್ತು. ಹೊರಗಿನದನ್ನು ತಂದರೆ ರಿಯಾಯಿತಿ ಕಡಿಮೆ ಆಗುತ್ತದೆಯೇ ಅಂತ ಕೇಳಿದೆ. ‘ಆಗೂದಿಲ್ರಿ, ಬರದ ಕೊಟ್ಟೇನಲ್ರಿ’ ಅಂದ.

ಭಾವನಿಗೆ ಹುಬ್ಬಳ್ಳಿಯಲ್ಲಿ ಸಿಕ್ಕ ರಿಯಾಯಿತಿ 75,000. ಫೋನಿನಲ್ಲಿ ‘ನಿನಗಿಂತ 20 ಸಾವಿರ ಜಾಸ್ತಿ ಬಿಡಿಸೇನಪಾ ತಮ್ಮಾ’ ಅಂತ ನಕ್ಕಿದ್ದರು. ಮ್ಯಾನೇಜರ್ ನಮ್ಮ ಅಜ್ಜನ ಊರಿನವರು, ಎರಡು ಸಲ ಚಹಾ, ಒಂದು ಸಲ ಮಿರ್ಚಿ. ಸಂಕ್ರಾಂತಿಗೆ ಊರಿಗೆ ಹೋದಾಗ ಬಿಲ್ಲುಗಳನ್ನು ಮೇಜಿನ ಮೇಲೆ ಹರವಿ ಕೂತೆವು. ಆ 75,000ಕ್ಕೆ ಅವರದೇ ಇನ್ಶೂರೆನ್ಸ್ ಕಡ್ಡಾಯ ಮಾಡಿದ್ದರು, ಹೊರಗಿನ ದರಕ್ಕಿಂತ 12,000 ಹೆಚ್ಚು. ಭಾವ ಕೇಳದ ಆಕ್ಸೆಸರಿ ಕಿಟ್ 22,000. ‘ಹ್ಯಾಂಡ್ಲಿಂಗ್’ ಅಂತ 8,500, ಅದು ಏನು ಅಂತ ಇಬ್ಬರಿಗೂ ತಿಳಿಯಲಿಲ್ಲ. ಒಟ್ಟು 42,500 ವಾಪಸ್ ಹೋಗಿತ್ತು, ನಿಜಕ್ಕೂ ಉಳಿದದ್ದು 32,500. ಕೊನೆಗೆ ಆರ್‌ಸಿ ನೋಡಿದರೆ ‘ಹೊಸ ಲಾಟ್’ ಅಂದಿದ್ದ ಗಾಡಿ ಫೆಬ್ರವರಿಯದು.

ಹುಬ್ಬಳ್ಳಿಯವರು ಮೋಸಗಾರರು ಅಂತ ನಾನು ಹೇಳಲಾರೆ. ಮೊದಲ ಸರ್ವಿಸ್‌ಗೆ ಅವರು ಮನೆಗೇ ಬಂದು ಗಾಡಿ ಒಯ್ದರು. ಇಲ್ಲಿ ನನಗೆ ನಂಬರು ಚೀಟಿ ಕೊಟ್ಟು ಎರಡು ತಾಸು ಕೂಡಿಸಿದರು, ನೀರು ಬೇಕೇ ಅಂತ ಕೇಳಿದವರಿಲ್ಲ. ಆದರೆ ನಮ್ಮಲ್ಲಿ ಗಾಡಿಯ ತಿಂಗಳನ್ನು ಕೇಳುವುದೇ ಅಪಮಾನ ಮಾಡಿದಂತೆ ಆಗುತ್ತದೆ, ಅದೇ ನನ್ನ ತಕರಾರು. ಮುಂಗಡ ಕೊಡುವ ಮುಂಚೆ ಚಾಸಿ ನಂಬರು, ತಯಾರಿಕೆಯ ತಿಂಗಳು, ಯಾವ ರಿಯಾಯಿತಿ ಯಾವ ಷರತ್ತಿಗೆ ಅಂತ ಒಂದು ಹಾಳೆ ಬರೆಯಲು ಐದು ನಿಮಿಷ ಸಾಕು.

ಮೊನ್ನೆ ಅಕ್ಕನ ಮಗಳಿಗೆ ಸಣ್ಣ ಕಾರು ನೋಡಲು ಭಾವ ನನ್ನ ಹಾಳೆಯ ಫೋಟೊ ಹಿಡಿದು ಹುಬ್ಬಳ್ಳಿಯ ಅದೇ ಶೋರೂಮಿಗೆ ಹೋದರಂತೆ. ಮ್ಯಾನೇಜರ್ ಅದನ್ನು ಎರಡು ಸಲ ಓದಿ, ಮೊಬೈಲ್ ವಾಪಸ್ ಕೊಟ್ಟು, ‘ನಮ್ಮ ಮಾತಿನ ಮ್ಯಾಲೆ ನಂಬಿಕಿ ಇಲ್ಲೇನ್ರಿ?’ ಅಂದರಂತೆ. ಭಾವನಿಗೆ ಏನೂ ಹೇಳಲು ಆಗಲಿಲ್ಲ. ಅಷ್ಟರಲ್ಲಿ ಚಹಾ ಬಂದಿತ್ತು.