ಫ್ರೆಂಚರು ನುಂಗಿದ ‘ಬಣ್ಣದ’

ಫ್ರೆಂಚ್ ಕ್ಲಾಸಿನ ಮೊದಲ ಉಕ್ತಲೇಖನದಲ್ಲೇ ನಾನು ಒಬ್ಬ ಹೆಂಗಸಿನ ಕಣ್ಣಿಗೆ ಕಾಯಿ ತುಂಬಿಬಿಟ್ಟೆ. ಸಾಲು ಇಷ್ಟೇ: ಅವಳ ಕಣ್ಣುಗಳು ಕಂದು. ಕಂದು ಬಣ್ಣಕ್ಕೆ ಅವರು ‘ಮಾರೋಂ’ ಅನ್ನುತ್ತಾರೆ. ಕಣ್ಣು ಎರಡಿದ್ದರೆ ಬಣ್ಣವೂ ಬಹುವಚನ ಆಗಬೇಕು ಅಂತ ಹಿಂದಿನ ವಾರವಷ್ಟೇ ಪಾಠ ಆಗಿತ್ತು. ಧೈರ್ಯವಾಗಿ ಕೊನೆಗೊಂದು ಎಸ್ ಸೇರಿಸಿದೆ. ಮೇಡಂ ಅದರ ಮೇಲೆ ಗೆರೆ ಎಳೆದು, “ಏನ್ರೀ, ಕಣ್ಣೊಳಗೆ ಚೆಸ್ಟ್‌ನಟ್ ಇಟ್ಕೊಂಡಿದ್ದಾಳಾ?” ಅಂದರು.

ಆ ಎಸ್ ಬಾಯಲ್ಲಿ ಹೇಳಿದರೆ ಕೇಳಿಸುವುದೂ ಇಲ್ಲ. ಬರೆದು ಸಿಕ್ಕಿಬಿದ್ದೆ.

ಮಾರೋಂ ಅಂದರೆ ಮೂಲದಲ್ಲಿ ಬಣ್ಣವೇ ಅಲ್ಲ. ಚಳಿಗಾಲದಲ್ಲಿ ಪ್ಯಾರಿಸ್ಸಿನ ಬೀದಿ ಬದಿ ಹುರಿದು ಪೊಟ್ಟಣ ಕಟ್ಟಿ ಕೊಡುತ್ತಾರಲ್ಲ, ಆ ಚೆಸ್ಟ್‌ನಟ್. ‘ಒರಾಂಜ್’ ಕೂಡ ಹಾಗೆಯೇ, ಕಿತ್ತಳೆ ಹಣ್ಣು. ಹೀಗೆ ಇನ್ನೊಂದು ವಸ್ತುವಿನ ಹೆಸರನ್ನು ಕಡ ತಂದು ಬಣ್ಣಕ್ಕೆ ಇಟ್ಟರೆ ಅದು ಅಲುಗುವುದಿಲ್ಲ. ಹೆಣ್ಣಿಗೂ ಅದೇ, ಗಂಡಿಗೂ ಅದೇ, ಹತ್ತಕ್ಕೂ ಅದೇ. ‘ಮಾರೋಂ ಕಣ್ಣು’ ಅಂದರೆ ‘ಮಾರೋಂ ಕಾಯಿಯ ಬಣ್ಣದ ಕಣ್ಣು’ ಅಂತ. ನಡುವಿನ ‘ಬಣ್ಣದ’ ಅನ್ನುವುದನ್ನು ಫ್ರೆಂಚರು ನುಂಗಿದ್ದಾರೆ. ಕಣ್ಣು ಎರಡಿರಲಿ ಇಪ್ಪತ್ತಿರಲಿ, ಬಣ್ಣ ತೋರಿಸಲು ಕಾಯಿ ಒಂದು ಸಾಕು.

ನಾವು ಆ ‘ಬಣ್ಣದ’ವನ್ನು ಇನ್ನೂ ನುಂಗಿಲ್ಲ. ಕೆಂಪು ಸೀರೆ ಅಂತೀವಿ, ಆದರೆ ಬದನೆಕಾಯಿ ಸೀರೆ ಅನ್ನೋಕೆ ಬಾಯಿ ತಡೆಯುತ್ತದೆ. ಬದನೆಕಾಯಿ ಬಣ್ಣದ ಸೀರೆ ಅನ್ನಬೇಕು. ಸೀರೆ ಕೆಂಪಗಿದೆ, ಕಪ್ಪಗಿದೆ ಅನ್ನಬಹುದು. ಕಿತ್ತಳೆಗಿದೆ ಅಂದು ನೋಡಿ. ಕಿತ್ತಳೆಗೆ ಏನಿದೆ ಅಂತ ಕೇಳುತ್ತಾರೆ! ಹುಟ್ಟಾ ಬಣ್ಣ ಯಾವುದು, ಕಡ ತಂದದ್ದು ಯಾವುದು ಅಂತ ನಮ್ಮ ನಾಲಗೆಗೂ ಗೊತ್ತಿದೆ, ಅಲ್ವಾ?

ಇದು ಅರ್ಥವಾದ ಮೇಲೆ ನಾನು ಸ್ವಲ್ಪ ಜಾಸ್ತಿಯೇ ಬೀಗಿದೆ. ಆಗ ಗುಲಾಬಿ ಬಂತು. ‘ರೋಜ಼್’ ಅಂದರೆ ಹೂವಿನ ಹೆಸರೇ. ಆದರೂ ಗುಲಾಬಿ ಉಡುಪುಗಳಿಗೆ ಎಸ್ ಹಾಕಬೇಕಂತೆ. ‘ಮೋವ್’ ಕೂಡ ಒಂದು ಹೂವು, ಅದಕ್ಕೂ ಹಾಕಬೇಕು. ಬಳಸಿ ಬಳಸಿ ಹೂವು ಮರೆತು ಬಣ್ಣವಷ್ಟೇ ಉಳಿಯಿತು ಅನ್ನುತ್ತವೆ ವ್ಯಾಕರಣದ ಪುಸ್ತಕಗಳು. ಕಿತ್ತಳೆಯನ್ನೇನು ಕಡಿಮೆ ಬಳಸಿದ್ದಾರಾ? ನನಗೆ ಸಮಾಧಾನವಿಲ್ಲ, ಸುಮ್ನೆ ಬಾಯಿಪಾಠ ಮಾಡಿಕೊಂಡೆ. ಕೂದಲಿನ ಕಥೆ ಇನ್ನೂ ಚೆಂದ. ಕಂದುಗೂದಲಿಗೆ ‘ಶಾತೇಂ’ ಅನ್ನುತ್ತಾರೆ. ಅದೂ ಚೆಸ್ಟ್‌ನಟ್‌ನಿಂದಲೇ ಹುಟ್ಟಿದ ಪದ. ಆದರೆ ಕಾಯಿಯ ಹೆಸರು ‘ಶಾತೇಞ್’, ಬಣ್ಣಕ್ಕೆ ಬೇರೆ ರೂಪ ಇದೆ. ಹಾಗಾಗಿ ಕೂದಲಿಗೆ ಎಸ್ ಉಂಟು. ಒಂದೇ ತಲೆ, ಹೆಚ್ಚುಕಡಿಮೆ ಒಂದೇ ಬಣ್ಣ. ಕೂದಲಿಗೆ ಎಸ್ ಬೇಕು, ಕಣ್ಣಿಗೆ ಬೇಡ.

ಎರಡು ಪದ ಜೊತೆಯಾದರಂತೂ ಹುಟ್ಟಾ ಬಣ್ಣಗಳೂ ಕಲ್ಲಾಗುತ್ತವೆ. ಹಸಿರಿಗೆ ‘ವೇರ್’. ಫ್ರೆಂಚಿನಲ್ಲಿ ‘ರೋಬ್’ ಅನ್ನುವ ಉಡುಪು ಸ್ತ್ರೀಲಿಂಗ, ಆದ್ದರಿಂದ ಹಸಿರು ಉಡುಪು ‘ರೋಬ್ ವೇರ್ತ್’. ಇದು ಕಿವಿಗೂ ಕೇಳುತ್ತದೆ. ಅದೇ ಉಡುಪು ತಿಳಿ ಹಸಿರಾದರೆ ‘ರೋಬ್ ವೇರ್ ಕ್ಲೇರ್’. ಆ ‘ತ್’ ಮಾಯ! ಯಾಕೆಂದರೆ ‘ಕ್ಲೇರ್’, ಅಂದರೆ ತಿಳಿ, ಉಡುಪಿಗೆ ಸೇರಿದ್ದಲ್ಲ, ಹಸಿರಿಗೆ ಸೇರಿದ್ದು. ಅದು ಸೇರುತ್ತಲೇ ಹಸಿರು ಒಂದು ನಾಮಪದ ಆಗಿ ಕೂತುಬಿಡುತ್ತದೆ: ಒಂದು ತಿಳಿ ಹಸಿರಿನ ಉಡುಪು. ನೀಲಿಯೂ ಅಷ್ಟೇ. ಬರೀ ‘ಬ್ಲೊ’ ಇದ್ದಾಗ ಉಡುಪಿನ ಹಿಂದೆ ಹಿಂದೆ ಓಡುತ್ತದೆ, ‘ಬ್ಲೊ ಕ್ಲೇರ್’ ಆದರೆ ಎದ್ದೇಳುವುದಿಲ್ಲ. ಬರೆಯುವಾಗ ನಾನು ಈಗ ಒಂದು ಉಪಾಯ ಮಾಡುತ್ತೇನೆ. ಮನಸ್ಸಿನಲ್ಲೇ ಕನ್ನಡದ ‘ಬಣ್ಣದ’ ಸೇರಿಸಿ ನೋಡುತ್ತೇನೆ. ಅದಿಲ್ಲದೆ ನಡೆಯದು ಅನ್ನಿಸಿದರೆ ಎಸ್ ಹಾಕುವುದಿಲ್ಲ. ಗುಲಾಬಿಯ ಹತ್ತಿರ ಮಾತ್ರ ಉಪಾಯ ಕೈಕೊಡುತ್ತದೆ.

ಕೊನೆಗೆ ಮೇಡಂ ಹಸುಗಳನ್ನು ಕರೆತಂದರು. ಕಪ್ಪು ಬಿಳಿ ಹಸುಗಳು. ಎರಡೂ ಬಣ್ಣಕ್ಕೆ ಎಸ್ ಹಾಕಿದರೆ ಕೆಲವು ಕಪ್ಪು, ಕೆಲವು ಬಿಳಿ ಅಂತ ಓದಿಕೊಳ್ಳಬಹುದು. ಹಾಕದೆ ಬಿಟ್ಟರೆ ಪ್ರತಿ ಹಸುವಿನ ಮೈಮೇಲೂ ಎರಡೂ ಬಣ್ಣ. ನಮ್ಮಲ್ಲಿ ಅದನ್ನು ತಿಳಿಯೋಕೆ ಕೊಟ್ಟಿಗೆಗೇ ಹೋಗಿ ನೋಡಬೇಕು.