ಪಿಎಫ್ ಖಾತೆಗೆ ತಿಂಗಳಿಗೆ 3,600 ರೂಪಾಯಿ? ಸ್ಪಷ್ಟನೆ

"ಮೂಲವೇತನ, ತುಟ್ಟಿಭತ್ಯೆ ಸೇರಿ 15,000 ರೂಪಾಯಿ ಇದ್ದರೆ ನಿಮ್ಮ ಶೇ 12, ಮಾಲೀಕರ ಶೇ 12 ಸೇರಿ ತಿಂಗಳಿಗೆ 3,600 ಪಿಎಫ್‌ನಲ್ಲಿ ಬೆಳೆಯುತ್ತದೆ. ಸಂಬಳ ಶೇ 10 ಏರಿದರೆ ಅದೂ ಶೇ 10 ಏರುತ್ತದೆ."

ಬೆಳಗಾವಿಯ ಉದ್ಯಮಬಾಗ್ ಕಾರ್ಮಿಕರ ಗುಂಪುಗಳಲ್ಲಿ ಓಡಾಡುತ್ತಿರುವ ಈ ಲೆಕ್ಕ ತಪ್ಪು. ಪಿಂಚಣಿ ಯೋಜನೆಯ ಸದಸ್ಯರಾಗಿದ್ದರೆ ಮಾಲೀಕರ 1,800 ರೂಪಾಯಿಯಲ್ಲಿ 1,250 ಪಿಂಚಣಿ ನಿಧಿಗೆ ಹೋಗುತ್ತದೆ. ಅದಕ್ಕೆ ನಿಮ್ಮ ಖಾತೆಯಲ್ಲಿ ಬಡ್ಡಿ ಬೆಳೆಯುವುದಿಲ್ಲ. ಉಳಿದ 550 ಮತ್ತು ನಿಮ್ಮ 1,800 ಸೇರಿ ಪಿಎಫ್‌ಗೆ ಬರುವುದು 2,350 ಮಾತ್ರ. ಬಡ್ಡಿಯನ್ನು ಪ್ರತಿ ತಿಂಗಳು ಖಾತೆಯಲ್ಲಿರುವ ಮೊತ್ತದ ಮೇಲೆ ಲೆಕ್ಕ ಹಾಕುವುದರಿಂದ, 2024-25ರ ಶೇ 8.25 ದರದಲ್ಲಿ ಮೊದಲ ವರ್ಷದ ಬಡ್ಡಿ ಸುಮಾರು 1,066. ವರ್ಷಾಂತ್ಯಕ್ಕೆ ಖಾತೆಯಲ್ಲಿ ಸುಮಾರು 29,266 ಇರುತ್ತದೆ.

ಇನ್ನು ಸಂಬಳದ ಏರಿಕೆ. ಇಲ್ಲಿ ಸಂದೇಶ ಎರಡೂ ಕಡೆ ತಪ್ಪುತ್ತದೆ. ವೇತನ 16,500 ಆಗಿ, ಕಂಪನಿ ಪೂರ್ಣ ವೇತನದ ಮೇಲೆ ಕಟ್ಟಿದರೆ ಪಿಂಚಣಿಯ ಪಾಲು 15,000 ವೇತನದ ಮಿತಿಯಿಂದಾಗಿ 1,250ರಲ್ಲೇ ನಿಲ್ಲುತ್ತದೆ. ಹೆಚ್ಚಿದ್ದೆಲ್ಲ ಪಿಎಫ್‌ಗೇ ಬಂದು ತಿಂಗಳ ಜಮೆ 2,710 ಆಗುತ್ತದೆ, ಅಂದರೆ ಶೇ 15ರಷ್ಟು ಏರಿಕೆ! ಎರಡನೇ ವರ್ಷದ ಕೊನೆಗೆ ಸುಮಾರು 65,430. ಆದರೆ 15,000ದ ಮಿತಿಗಷ್ಟೇ ಕಟ್ಟುವ ಕಂಪನಿಗಳೂ ಇವೆ. ಅಲ್ಲಿ ಜಮೆ 2,350ರಿಂದ ಕದಲುವುದಿಲ್ಲ. ಮೊತ್ತ ಸುಮಾರು 60,946.

ನಿಮ್ಮದು ಯಾವುದೆಂದು ಪಾಸ್‌ಬುಕ್ಕೇ ಹೇಳುತ್ತದೆ: ನೌಕರರ ಪಾಲು, ಮಾಲೀಕರ ಪಾಲು, ಪಿಂಚಣಿ ಎಂದು ಪ್ರತ್ಯೇಕ ಅಂಕಣಗಳಿರುತ್ತವೆ. ಏರಿಕೆಯ ನಂತರದ ತಿಂಗಳಿನ ಸಾಲು ನೋಡಿ. ಹಳೆಯ ಸಂದೇಶವನ್ನು ದಯವಿಟ್ಟು ಮುಂದೆ ಕಳುಹಿಸಬೇಡಿ.