ಒಂದು ಎಚ್‌ಗಾಗಿ ಬೆಂಗಳೂರಿಗೆ

ದುರ್ಗದ ಕಡೆ ಕೇರಿಗೊಬ್ಬ ತಿಪ್ಪೇಸ್ವಾಮಿ ಇರುತ್ತಾನೆ. ಕನ್ನಡದಲ್ಲಿ ಬರೆಯುವವರೆಗೆ ಏನೂ ತೊಂದರೆಯಿಲ್ಲ. ಇಂಗ್ಲಿಷಿನಲ್ಲಿ ಬರೆದಾಗ ಮಾತ್ರ ಆತ ಇಬ್ಬರಾಗುತ್ತಾನೆ. 'ಟಿ' ಆದಮೇಲೆ ಎಚ್ ಇರುವವನೊಬ್ಬ, ಇಲ್ಲದವನೊಬ್ಬ.

ನಮ್ಮ ಎದುರುಮನೆ ಹುಡುಗ ಅಂಥವನೇ. ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ಎಚ್ ಇಲ್ಲ. ಕಾನೂನು ಪದವಿಯ ಅಂಕಪಟ್ಟಿಗಳಲ್ಲಿ ಇದೆ. ಇನಿಷಿಯಲ್ ಒಂದರಲ್ಲಿ ಹೆಸರಿನ ಮುಂದೆ, ಇನ್ನೊಂದರಲ್ಲಿ ಹಿಂದೆ. ಆಧಾರ್‌ನಲ್ಲಿ ಇನಿಷಿಯಲ್ ಇಲ್ಲವೇ ಇಲ್ಲ, ಅಪ್ಪನ ಪೂರ್ತಿ ಹೆಸರೇ ಬಂದು ಕೂತಿದೆ. ವಕೀಲಿಕೆಯ ಸನ್ನದಿಗೆ ಅರ್ಜಿ ಹಾಕಲು ಕಾಗದದ ಕಟ್ಟು ಹಿಡಿದು, ರಾತ್ರಿ ಬಸ್ಸಿಗೆ ಇನ್ನೂರು ಕಿಲೋಮೀಟರ್ ಹೋದ. ರಾಜ್ಯ ವಕೀಲರ ಪರಿಷತ್ತಿನ ಕೌಂಟರಿನವರು ಎರಡು ಹಾಳೆ ಮಗುಚಿ ಕೇಳಿದರಂತೆ: "ಇವರಿಬ್ಬರಲ್ಲಿ ನೀವು ಯಾರು?"

ವಾಪಸ್ ಬಂದು ನೋಟರಿ ಹತ್ತಿರ ಕೂತ. ಟೈಪಿಸ್ಟಣ್ಣನ ಕಂಪ್ಯೂಟರಿನಲ್ಲಿ ಅಫಿಡವಿಟ್ ಮೊದಲೇ ತಯಾರಿತ್ತು: ಮೇಲ್ಕಂಡ ಹೆಸರುಗಳೆಲ್ಲ ಒಬ್ಬನೇ ವ್ಯಕ್ತಿಗೆ ಸೇರಿದವು, ಆ ವ್ಯಕ್ತಿ ನಾನೇ. ಹೆಸರು ತುಂಬುವುದಷ್ಟೇ ಬಾಕಿ. ನಾಳೆ ಪರರ ಪರವಾಗಿ ವಾದಿಸಬೇಕಾದವನು ಮೊದಲು 'ನಾನು ನಾನೇ' ಎಂಬ ಕೇಸು ಗೆಲ್ಲಬೇಕು. ಎದುರುವಾದಿಯೂ ಅವನೇ.

ಶುಲ್ಕದ ಕಥೆ ಬೇರೆ. 1961ರ ವಕೀಲರ ಕಾಯ್ದೆಯ 24ನೇ ಕಲಮಿನಲ್ಲಿ ಲೆಕ್ಕ ಸ್ಪಷ್ಟವಾಗಿದೆ. ರಾಜ್ಯ ಪರಿಷತ್ತಿಗೆ 600 ರೂಪಾಯಿ, ಭಾರತೀಯ ವಕೀಲರ ಪರಿಷತ್ತಿಗೆ 150, ಪರಿಶಿಷ್ಟರಿಗೆ ಎರಡೂ ಸೇರಿ 125. ಆದರೂ ದೇಶದ ಹಲವು ಪರಿಷತ್ತುಗಳು ಸಾವಿರಗಟ್ಟಲೆ ವಸೂಲಿ ಮಾಡುತ್ತಿದ್ದವು. ಹೆಚ್ಚಿಗೆ ಕೇಳಬೇಡಿ ಎಂದು 2024ರ ಜುಲೈನಲ್ಲಿ ಸುಪ್ರೀಂ ಕೋರ್ಟೇ ಹೇಳಬೇಕಾಯಿತು. ಕಾನೂನು ಓದಿದವರನ್ನೇ ಸೇರಿಸಿಕೊಳ್ಳುವ ಸಂಸ್ಥೆಗಳಿಗೆ, ತಮ್ಮನ್ನು ಹುಟ್ಟಿಸಿದ ಕಾಯ್ದೆಯ ಒಂದು ಪುಟ ಓದಿಸಲು ತೀರ್ಪೇ ಬೇಕಾಯಿತು ನೋಡಿ.

ಅಫಿಡವಿಟ್ ಹೋಯಿತು. ಇನ್ನು ಪರಿಶೀಲನೆ. ಅಂಕಪಟ್ಟಿ ಅಸಲಿಯೇ ಎಂದು ಕೊಟ್ಟವರನ್ನೇ ಕೇಳುವುದು. ನಕಲಿ ಪದವಿಯವರು ಕರಿಕೋಟು ಹಾಕಿಕೊಂಡು ಓಡಾಡಿದ್ದು ಸುಳ್ಳಲ್ಲ, ಹಾಗಾಗಿ ಕೇಳಲಿ, ಬೇಡ ಅನ್ನುವವ ನಾನಲ್ಲ. ಆದರೆ ನಕಲಿ ಮಾಡುವವನು ಇಷ್ಟು ದಡ್ಡನಿರುತ್ತಾನೆಯೇ? ಅವನ ಕಾಗದಗಳಲ್ಲಿ ಹೆಸರು ಒಂದೇ ಥರ ಇರುತ್ತದೆ. ಎಚ್ ತಪ್ಪುವುದು ಅಸಲಿಯವನಿಗೆ ಮಾತ್ರ.

ಕೊನೆಗೂ ಸನ್ನದು ಬಂತು. ಅದೂ ತಾತ್ಕಾಲಿಕ. ಎರಡು ವರ್ಷದೊಳಗೆ ಅಖಿಲ ಭಾರತ ವಕೀಲರ ಪರೀಕ್ಷೆ ಪಾಸಾಗಿ ಪ್ರಾಕ್ಟೀಸ್ ಪ್ರಮಾಣಪತ್ರ ಪಡೆಯಬೇಕು. ನೂರು ಪ್ರಶ್ನೆ, ಸಾಮಾನ್ಯ ವರ್ಗಕ್ಕೆ 45 ಬಂದರೆ ಸಾಕು. ಟಿಪ್ಪಣಿ ಇಲ್ಲದ ಕಾಯ್ದೆ ಪುಸ್ತಕ ಒಯ್ಯಬಹುದು.

ಹುಡುಗ ಮೊನ್ನೆ ಆ ಪರೀಕ್ಷೆಯ ಅರ್ಜಿ ತುಂಬುತ್ತಿದ್ದ. ಹೆಸರಿನ ಕಾಲಂ ಬಂದಾಗ ಕೈ ನಿಂತಿತು. ನನ್ನ ಕಡೆ ತಿರುಗಿ ಕೇಳಿದ:

"ಮಾಮ, ಎಚ್ ಹಾಕ್ಲೋ, ಬೇಡ್ವೋ?"